ತಪ್ಪಿದ ಮಾತಿನಲ್ಲಿ ತಪ್ಪದೆ ಉಳಿಯುವುದು

“ಮೇಜಿನ ಮೇಲೆ ಪುಸ್ತಕ ಇಡು” ಎಂದು ಹೇಳಹೊರಟವರ ಬಾಯಿಂದ “ಪುಸ್ತಕದ ಮೇಲೆ ಮೇಜು ಇಡು” ಎಂಬ ಮಾತು ಬಂತೆಂದು ಇಟ್ಟುಕೊಳ್ಳೋಣ. ಕೇಳಿದವರು ನಗುತ್ತಾರೆ, ಹೇಳಿದವರೂ ನಗುತ್ತಾರೆ, ಪುಸ್ತಕ ಹೋಗಿ ಮೇಜಿನ ಮೇಲೆಯೇ ಕೂರುತ್ತದೆ. ನಗು ಮುಗಿದ ಮೇಲೆ ಆ ತಪ್ಪು ಮಾತನ್ನು ಇನ್ನೊಮ್ಮೆ ನಿಧಾನವಾಗಿ ಓದಿದರೆ ಒಂದು ವಿಚಿತ್ರ ಕಾಣುತ್ತದೆ. ಎರಡು ನಾಮಪದಗಳು ಜಾಗ ಬದಲಿಸಿಕೊಂಡಿವೆ, ನಿಜ. ಆದರೆ ‘ಮೇಲೆ’ ತನ್ನ ಜಾಗದಲ್ಲೇ ಇದೆ, ‘ಇಡು’ ಕೊನೆಯಲ್ಲೇ ಇದೆ, ‘ಮೇಲೆ’ ಎಂಬುದರ ಹಿಂದೆ ಷಷ್ಠೀ ವಿಭಕ್ತಿ ಬರಬೇಕೆಂಬ ನಿಯಮವೂ ಕೆಟ್ಟಿಲ್ಲ. ಅಷ್ಟೇ ಅಲ್ಲ, ‘ಮೇಜು’ ಎಂಬುದಕ್ಕೆ ಸೇರಿ ‘ಮೇಜಿನ’ ಆಗಬೇಕಿದ್ದ ಪ್ರತ್ಯಯ ಈಗ ‘ಪುಸ್ತಕ’ಕ್ಕೆ ಸೇರಿದೆ, ಆದರೂ ಯಾರೂ ‘ಪುಸ್ತಕಿನ ಮೇಲೆ’ ಎಂದಿಲ್ಲ. ಅಕಾರಾಂತ ನಪುಂಸಕ ಪದಕ್ಕೆ ಸಲ್ಲಬೇಕಾದ ‘ದ’ ತಾನಾಗಿಯೇ ಬಂದು ‘ಪುಸ್ತಕದ’ ಎಂದಾಗಿದೆ. ಮಾತು ತಪ್ಪಿದ್ದು ಒಂದು ಕಡೆ. ವ್ಯಾಕರಣ ಮಾತ್ರ ಆ ತಪ್ಪಿಗೂ ಒಪ್ಪವಾಗಿ ಬಟ್ಟೆ ತೊಡಿಸಿ ಹೊರಗೆ ಕಳಿಸಿದೆ.

ಬಾಯಿ ತಪ್ಪಿ ಬಂದ ಮಾತಿನ ಬಗ್ಗೆ ಈಗ ನಡೆಯುವ ಚರ್ಚೆಯಲ್ಲಿ ಈ ಅಂಶ ಬರುವುದೇ ಇಲ್ಲ. ಭಾಷಣ, ಸಂದರ್ಶನ, ನೇರಪ್ರಸಾರಗಳಲ್ಲಿ ಆಗುವ ತಪ್ಪುಗಳು ಕೆಲವೇ ಸೆಕೆಂಡುಗಳ ವಿಡಿಯೊ ತುಣುಕುಗಳಾಗಿ ಹರಡುತ್ತವೆ, ಅವುಗಳ ಕೆಳಗೆ ಎರಡೇ ಬಗೆಯ ತೀರ್ಪುಗಳು ಬೀಳುತ್ತವೆ: ಒಂದು, ಮನಸ್ಸಿನಲ್ಲಿ ಅಡಗಿಸಿಟ್ಟದ್ದು ಕೊನೆಗೂ ಬಾಯಿಗೆ ಬಂತು ಎಂಬುದು, ಇನ್ನೊಂದು, ಮಾತಾಡಿದವರ ಬುದ್ಧಿ ಮಂಕಾಗುತ್ತಿದೆ ಎಂಬುದು. ಎರಡೂ ತೀರ್ಪುಗಳು ತಪ್ಪಿದ ಪದವನ್ನು ಹಿಡಿದುಕೊಳ್ಳುತ್ತವೆಯೇ ಹೊರತು ತಪ್ಪಿನ ಆಕಾರವನ್ನು ನೋಡುವುದಿಲ್ಲ. ಯಾವುದು ಯಾವುದರ ಜೊತೆ ಬದಲಾಯಿತು, ಎಷ್ಟು ದೂರದಿಂದ ಬಂತು, ಯಾವುದು ಕದಲದೆ ಉಳಿಯಿತು ಎಂಬ ಪ್ರಶ್ನೆಗಳನ್ನು ಕೇಳಿದರೆ, ಅದೇ ತುಣುಕು ಮಾತಾಡಿದವರ ಗುಟ್ಟಿಗಿಂತ ಹೆಚ್ಚಾಗಿ ಮಾತು ಎಂಬ ಕೆಲಸದ ಗುಟ್ಟನ್ನು ಬಿಟ್ಟುಕೊಡುತ್ತದೆ.

ತಪ್ಪಿದವರ ಗುಟ್ಟನ್ನು ಹುಡುಕುವುದು, ತಪ್ಪಿನ ಆಕಾರವನ್ನು ನೋಡುವುದು ಎಂಬ ಈ ಎರಡು ನೋಟಗಳ ನಡುವಿನ ಜಗಳ ಹಳೆಯದು. ವಿಯೆನ್ನಾದ ಭಾಷಾವಿದ್ವಾಂಸ ರುಡಾಲ್ಫ್ ಮೆರಿಂಗರ್, ವೈದ್ಯ ಕಾರ್ಲ್ ಮೇಯರ್ ಜೊತೆಗೂಡಿ, ತನ್ನ ಸುತ್ತಲಿನವರ ಬಾಯ್ತಪ್ಪುಗಳನ್ನು ಗುರುತುಹಾಕಿಕೊಂಡು 1895ರಲ್ಲಿ ಒಂದು ದೊಡ್ಡ ಸಂಗ್ರಹವನ್ನು ಪ್ರಕಟಿಸಿದ. ತಪ್ಪುಗಳು ಮನಬಂದಂತೆ ಆಗುವುದಿಲ್ಲ, ಅವುಗಳಿಗೂ ಒಂದು ಕಟ್ಟುಪಾಡು ಇದೆ ಎಂಬುದು ಅವನ ವಾದವಾಗಿತ್ತು. ಆರು ವರ್ಷಗಳ ನಂತರ ಸಿಗ್ಮಂಡ್ ಫ್ರಾಯ್ಡ್ ಅದೇ ಸಂಗ್ರಹದ ಕೆಲವು ಉದಾಹರಣೆಗಳನ್ನೇ ಎತ್ತಿಕೊಂಡು, ಅವುಗಳ ಹಿಂದೆ ಅದುಮಿಟ್ಟ ಬಯಕೆಗಳಿವೆ ಎಂದು ಬರೆದ. ಜನಮನದಲ್ಲಿ ಗೆದ್ದದ್ದು ಫ್ರಾಯ್ಡ್. ಮೆರಿಂಗರ್ ಹಿಡಿದ ದಾರಿಗೆ ಹೊಸ ಜೀವ ಬಂದದ್ದು 1971ರಲ್ಲಿ, ಅಮೆರಿಕದ ಭಾಷಾವಿಜ್ಞಾನಿ ವಿಕ್ಟೋರಿಯಾ ಫ್ರಾಮ್ಕಿನ್ ತಾನು ಕೂಡಿಹಾಕಿದ್ದ ಬಾಯ್ತಪ್ಪುಗಳನ್ನು ವ್ಯಾಕರಣದ ಸಾಕ್ಷ್ಯವಾಗಿ ಮುಂದಿಟ್ಟಾಗ. ಮನಶ್ಶಾಸ್ತ್ರಜ್ಞ ಮೆರಿಲ್ ಗ್ಯಾರೆಟ್ ಅದೇ ದಶಕದಲ್ಲಿ ಇಂಥದೇ ಇನ್ನೊಂದು ಸಂಗ್ರಹವನ್ನು ವಿಂಗಡಿಸಿ, ವಾಕ್ಯ ಕಟ್ಟುವ ಕೆಲಸ ಯಾವ ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಅದರಿಂದಲೇ ಎಳೆದು ತೋರಿಸಿದ.

ಗ್ಯಾರೆಟ್ ಕಂಡದ್ದನ್ನು ಅರಿಯಲು ಅದಲುಬದಲುಗಳಲ್ಲಿ ಎರಡು ಬಗೆಯನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಮೊದಲನೆಯದು ಇಡೀ ಪದಗಳು ಅದಲುಬದಲಾಗುವುದು. “ಅಣ್ಣನ ಕಾಗದ ತಮ್ಮನ ಕೈಗೆ ಸೇರುತ್ತದೆ” ಎನ್ನುವ ಬದಲು “ತಮ್ಮನ ಕಾಗದ ಅಣ್ಣನ ಕೈಗೆ ಸೇರುತ್ತದೆ” ಎಂದರೆ ಅದು ಈ ಜಾತಿಯ ತಪ್ಪು. ಎರಡನೆಯದು ಬಿಡಿ ಧ್ವನಿಗಳು ಅದಲುಬದಲಾಗುವುದು. “ಕೆಂಪು ಹೂವು” ಎನ್ನಲು ಹೋಗಿ “ಹೆಂಪು ಕೂವು” ಎನ್ನುವುದು ಇದರ ಮಾದರಿ. ಕೇಳುವ ಕಿವಿಗೆ ಎರಡೂ ಒಂದೇ ಥರದ ಎಡವಟ್ಟು. ಆದರೆ ಗ್ಯಾರೆಟ್‌ನ ಇಂಗ್ಲಿಷ್ ಸಂಗ್ರಹದಲ್ಲಿ ಅವು ಎರಡು ಬೇರೆ ಬೇರೆ ಲೋಕಗಳಿಗೆ ಸೇರಿದಂತೆ ನಡೆದುಕೊಂಡವು. ಜಾಗ ಬದಲಿಸಿಕೊಂಡ ಪದಗಳು ಹತ್ತರಲ್ಲಿ ಎಂಟು ಸಲ ಬೇರೆ ಬೇರೆ ಪದಗುಚ್ಛಗಳಲ್ಲಿದ್ದವು, ಎಂದರೆ ಅವುಗಳ ನಡುವೆ ಸಾಕಷ್ಟು ದೂರವಿತ್ತು. ಜೊತೆಗೆ ಹೆಚ್ಚುಕಡಿಮೆ ಯಾವಾಗಲೂ ಎರಡೂ ಒಂದೇ ವ್ಯಾಕರಣ ವರ್ಗದವು, ನಾಮಪದಕ್ಕೆ ನಾಮಪದ, ಕ್ರಿಯಾಪದಕ್ಕೆ ಕ್ರಿಯಾಪದ. ಧ್ವನಿಗಳ ವಿಷಯದಲ್ಲಿ ಇದು ತಲೆಕೆಳಗು. ಅವು ಬಹುಪಾಲು ಒಂದೇ ಗುಚ್ಛದ ಒಳಗೆ, ಅಕ್ಕಪಕ್ಕದ ಪದಗಳ ನಡುವೆ ಬದಲಾಗುತ್ತಿದ್ದವು. ಆ ಪದಗಳು ಯಾವ ವರ್ಗದವು ಎಂಬುದು ಅವುಗಳಿಗೆ ಲೆಕ್ಕಕ್ಕೇ ಇರಲಿಲ್ಲ. ‘ಕೆಂಪು’ ಗುಣವಾಚಕ, ‘ಹೂವು’ ನಾಮಪದ. ‘ಕ’ಕಾರ ‘ಹ’ಕಾರಗಳಿಗೆ ಅದರ ಹಂಗಿಲ್ಲ.

ಒಂದೇ ಕೆಲಸದ ಒಂದೇ ಘಟ್ಟದಲ್ಲಿ ಈ ಎರಡೂ ತಪ್ಪುಗಳು ಆಗುತ್ತಿದ್ದರೆ ಅವುಗಳ ನಡತೆ ಇಷ್ಟು ಬೇರೆಯಾಗಿರಲು ಕಾರಣವಿರಲಿಲ್ಲ. ಆದ್ದರಿಂದ ಗ್ಯಾರೆಟ್ ಎರಡು ಘಟ್ಟಗಳಿವೆ ಎಂದ. ಮೊದಲ ಘಟ್ಟದಲ್ಲಿ ಮಾತುಗಾರನ ಮನಸ್ಸು ಯಾರು, ಯಾರಿಗೆ, ಏನು ಎಂಬ ಸಂಬಂಧಗಳನ್ನು ಗೊತ್ತುಮಾಡಿ, ಆಯಾ ಪಾತ್ರಕ್ಕೆ ತಕ್ಕ ಪದವನ್ನು ಹೊಂದಿಸುತ್ತದೆ. ಇಲ್ಲಿ ಪದಗಳಿಗೆ ಅರ್ಥವಿದೆ, ವರ್ಗವಿದೆ, ಪಾತ್ರವಿದೆ. ಸದ್ದು ಇನ್ನೂ ಇಲ್ಲ, ಸಾಲಿನ ಕ್ರಮವೂ ಇಲ್ಲ. ಅಣ್ಣ ತಮ್ಮಂದಿರು ಪಾತ್ರ ಬದಲಿಸಿಕೊಳ್ಳುವುದು ಇಲ್ಲಿ. ಎರಡನೆಯ ಘಟ್ಟದಲ್ಲಿ ಪದಗಳು ಒಂದರ ಹಿಂದೆ ಒಂದರಂತೆ ಸಾಲಿಗೆ ಬರುತ್ತವೆ, ಅವುಗಳ ಧ್ವನಿರೂಪ ತೆರೆದುಕೊಳ್ಳುತ್ತದೆ. ಪಕ್ಕದಲ್ಲಿ ನಿಂತವರ ನಡುವೆ ಧ್ವನಿಗಳು ಹಾರುವುದು ಇಲ್ಲಿ. ಮೊದಲ ಘಟ್ಟದ ಹರವು ಒಂದು ಉಪವಾಕ್ಯದಷ್ಟು ದೊಡ್ಡದು, ಎರಡನೆಯದರದು ಒಂದು ಗುಚ್ಛದಷ್ಟು ಚಿಕ್ಕದು. ‘ತಮ್ಮ’ ಎಂಬ ಪದ ತನ್ನ ಸರದಿಗಿಂತ ಎರಡು ಪದ ಮೊದಲೇ ಹೊರಬಿದ್ದಿತೆಂದರೆ, ಮಾತುಗಾರನ ತುಟಿ ತೆರೆಯುವ ಮುನ್ನವೇ ಅದು ಸಿದ್ಧವಾಗಿ ಕಾಯುತ್ತಿತ್ತೆಂದು ಅರ್ಥ. ವಾಕ್ಯ ಒಂದು ಪದ ಮುಗಿದ ಮೇಲೆ ಇನ್ನೊಂದನ್ನು ಹುಡುಕುವ ಸರಪಳಿಯಲ್ಲ ಎಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷ್ಯ ಸಿಗುವುದು ಕಷ್ಟ.

ಧ್ವನಿಯ ಅದಲುಬದಲಿನಲ್ಲಿ ಕನ್ನಡದ ಓದುಗರು ವಿಶೇಷವಾಗಿ ಗಮನಿಸಬೇಕಾದ ಒಂದು ಸೂಕ್ಷ್ಮವಿದೆ. ನಮ್ಮ ಲಿಪಿ ವ್ಯಂಜನವನ್ನೂ ಸ್ವರವನ್ನೂ ಒಂದೇ ಅಕ್ಷರವಾಗಿ ಬೆಸೆದು ಬರೆಯುತ್ತದೆಯಾದ್ದರಿಂದ, ಮಾತಿನ ಘಟಕವೂ ಅದೇ ಎಂದು ಭಾವಿಸುವುದು ಸಹಜ. ಹಾಗಿದ್ದಿದ್ದರೆ ‘ಕೆಂ’ ಎಂಬುದೂ ‘ಹೂ’ ಎಂಬುದೂ ಇಡಿಯಾಗಿ ಜಾಗ ಬದಲಿಸಿ “ಹೂಪು ಕೆಂವು” ಎಂದಾಗಬೇಕಿತ್ತು. ಮೇಲಿನ ಮಾದರಿಯಲ್ಲಿ ಆದದ್ದು ಹಾಗಲ್ಲ. ಪದದ ಮೊದಲ ವ್ಯಂಜನ ಮಾತ್ರ ಹಾರಿದೆ, ‘ಎ’ಕಾರ ‘ಊ’ಕಾರಗಳು ತಮ್ಮ ಮನೆಯಲ್ಲೇ ಉಳಿದಿವೆ. ಇಂಗ್ಲಿಷ್, ಜರ್ಮನ್, ಡಚ್ ಸಂಗ್ರಹಗಳಲ್ಲಿ ಧ್ವನಿಯ ತಪ್ಪುಗಳು ಬಹುಪಾಲು ಇದೇ ಅಚ್ಚಿನವು: ಒಂದು ಬಿಡಿ ಧ್ವನಿ, ಅದರಲ್ಲೂ ಪದದ ಆರಂಭದ ವ್ಯಂಜನ, ಇನ್ನೊಂದು ಪದದ ಆರಂಭದ ವ್ಯಂಜನದೊಂದಿಗೆ ಮಾತ್ರ ಬದಲಾಗುತ್ತದೆ. ಆರಂಭದ ಧ್ವನಿ ಪದದ ಕೊನೆಗೆ ಹೋಗಿ ಕೂರುವುದು ತೀರಾ ಅಪರೂಪ. ಎಂದರೆ ಪ್ರತಿ ಪದಕ್ಕೂ ‘ಆರಂಭ’, ‘ನಡು’, ‘ಕೊನೆ’ ಎಂಬ ಗೂಡುಗಳು ಮೊದಲೇ ಸಿದ್ಧವಾಗಿರುತ್ತವೆ, ಧ್ವನಿಗಳು ಆಮೇಲೆ ಬಂದು ತುಂಬಿಕೊಳ್ಳುತ್ತವೆ. ತಪ್ಪಿದಾಗಲೂ ಅವು ಸೇರುವುದು ತಮ್ಮ ಜಾತಿಯ ಗೂಡನ್ನೇ. ಎಲ್ಲ ಭಾಷೆಗಳಲ್ಲೂ ಗೂಡಿನ ಅಳತೆ ಒಂದೇ ಎಂದು ಇದರಿಂದ ಹೇಳಲಾಗದು. ಚೀನೀ ಭಾಷೆಯ ಮೇಲೆ ನಡೆದ ಪ್ರಯೋಗಗಳು ಅಲ್ಲಿ ಇಡೀ ಉಚ್ಚಾರಾಂಶವೇ ಯೋಜನೆಯ ಮೊದಲ ಘಟಕವಾಗಿರಬಹುದೆಂದು ಸೂಚಿಸಿವೆ.

ಈ ಬಗೆಯ ಧ್ವನಿ ಅದಲುಬದಲಿಗೆ ಇಂಗ್ಲಿಷಿನಲ್ಲಿ ಸ್ಪೂನರಿಸಂ ಎಂಬ ಹೆಸರು ಬಂದದ್ದು ಆಕ್ಸ್‌ಫರ್ಡಿನ ನ್ಯೂ ಕಾಲೇಜಿನ ಮುಖ್ಯಸ್ಥನಾಗಿದ್ದ ವಿಲಿಯಂ ಆರ್ಚಿಬಾಲ್ಡ್ ಸ್ಪೂನರ್ (1844–1930) ಎಂಬವನಿಂದ. ಆದರೆ ಅವನ ಹೆಸರಿನಲ್ಲಿ ಓಡಾಡುವ ಚಮತ್ಕಾರದ ವಾಕ್ಯಗಳಲ್ಲಿ ಬಹುಪಾಲು ವಿದ್ಯಾರ್ಥಿಗಳು ತಮಾಷೆಗೆ ಹೊಸೆದವು ಎಂಬುದು ಬಲ್ಲವರ ಅಭಿಪ್ರಾಯ, ಮತ್ತು ಅದನ್ನು ಕಂಡುಹಿಡಿಯಲು ಆಕ್ಸ್‌ಫರ್ಡಿನ ದಾಖಲೆಗಳನ್ನು ತಡಕಬೇಕಾಗಿಯೂ ಇಲ್ಲ. ಆ ವಾಕ್ಯಗಳಲ್ಲಿ ಅದಲುಬದಲು ಒಂದರ ಹಿಂದೆ ಒಂದು ಬರುತ್ತದೆ, ಪ್ರತಿಯೊಂದೂ ಪೂರ್ತಿಯಾಗುತ್ತದೆ, ಪ್ರತಿ ಸಲವೂ ಎರಡೂ ಕಡೆ ನಗು ತರಿಸುವ ಅರ್ಥವುಳ್ಳ ಪದವೇ ಹುಟ್ಟುತ್ತದೆ. ನಿಜವಾದ ಮಾತಿನಲ್ಲಿ ಹೀಗಾಗುವುದಿಲ್ಲ. ಅಲ್ಲಿ ಪೂರ್ತಿ ಅದಲುಬದಲು ಕಡಿಮೆ. “ಹೆಂಪು ಹೂವು” ಎಂದು ಮುಂದಿನ ಧ್ವನಿ ಮುಂಚೆಯೇ ಬಂದುಬಿಡುವ ತಪ್ಪು ಅದಕ್ಕಿಂತ ಹೆಚ್ಚು, ಎಷ್ಟೋ ಸಲ ಮಾತುಗಾರರು “ಹೆಂ... ಕೆಂಪು ಹೂವು” ಎಂದು ಅಲ್ಲೇ ತಡೆದು ತಿದ್ದಿಕೊಳ್ಳುವುದರಿಂದ ಅದು ಅದಲುಬದಲಾಗುತ್ತಿತ್ತೋ ಇಲ್ಲವೋ ಎಂಬುದು ತಿಳಿಯುವುದೇ ಇಲ್ಲ. ಒಟ್ಟಾರೆ ಬಾಯ್ತಪ್ಪುಗಳೇ ವಿರಳ. ಲಂಡನ್ನಿನ ಸಹಜ ಸಂಭಾಷಣೆಗಳ ಸುಮಾರು 1,70,000 ಪದಗಳ ದಾಖಲೆಯನ್ನು ಜಾಲಾಡಿ 1981ರಲ್ಲಿ ಪ್ರಕಟವಾದ ಎಣಿಕೆಯಲ್ಲಿ ಸಿಕ್ಕ ತಪ್ಪುಗಳು ಸಾವಿರ ಪದಕ್ಕೆ ಒಂದರ ಆಸುಪಾಸಿನಲ್ಲಿದ್ದವು. ಒಂದೇ ಉಸಿರಿನಲ್ಲಿ ಎರಡು ಮೂರು ಸುಂದರ ಅದಲುಬದಲುಗಳು ಕಂಡರೆ, ಅದರ ಹಿಂದೆ ನಾಲಗೆಗಿಂತ ಹೆಚ್ಚಾಗಿ ಲೇಖನಿ ಓಡಾಡಿದೆ ಎಂದು ತಿಳಿಯಬಹುದು.

ಈಗ ಮತ್ತೆ ಮೇಜು ಪುಸ್ತಕಗಳಿಗೆ ಬರೋಣ, ಏಕೆಂದರೆ ನನ್ನ ದೃಷ್ಟಿಯಲ್ಲಿ ಈ ಇಡೀ ವಿಷಯದ ತಿರುಳು ಇರುವುದು ಅಲ್ಲಿ. ಪ್ರಕೃತಿ ಹಾರಿಹೋಗಿ ಪ್ರತ್ಯಯ ಹಿಂದೆ ಉಳಿಯುವ ತಪ್ಪುಗಳನ್ನು ಗ್ಯಾರೆಟ್ ವಿಶೇಷವಾಗಿ ಗಮನಿಸಿದ್ದ. ಅವನ ಒಂದು ಉದಾಹರಣೆಯಲ್ಲಿ ‘ಬಸ್ಟಿಂಗ್ ಪುಷರ್ಸ್’ ಎನ್ನಬೇಕಾದವರು ‘ಪುಷಿಂಗ್ ಬಸ್ಟರ್ಸ್’ ಎಂದಿದ್ದರು. ‘ಬಸ್ಟ್’ ಮತ್ತು ‘ಪುಷ್’ ಎಂಬ ಧಾತುಗಳು ಜಾಗ ಬದಲಿಸಿದವು. ‘-ಇಂಗ್’ ಇದ್ದಲ್ಲಿಯೇ ಇತ್ತು, ‘-ಅರ್’ ಮತ್ತು ಬಹುವಚನದ ‘-ಸ್’ ಕೂಡ ಕದಲಲಿಲ್ಲ. ಪದ ಎಂಬುದು ನಾಲಗೆಗೆ ಬರುವ ಹೊತ್ತಿಗೆ ಒಂದು ಇಡಿಯ ವಸ್ತುವಾಗಿ ಬಂದಿದ್ದರೆ ಇದು ಸಾಧ್ಯವಿಲ್ಲ. ವಾಕ್ಯದ ಚೌಕಟ್ಟನ್ನು ಹಾಕುವಾಗಲೇ ಪ್ರತ್ಯಯಗಳು ಆ ಚೌಕಟ್ಟಿನ ಭಾಗವಾಗಿ ನೆಡಲ್ಪಟ್ಟಿರುತ್ತವೆ. ಅರ್ಥವನ್ನು ಹೊರುವ ಪ್ರಕೃತಿಗಳು ಆಮೇಲೆ ಬಂದು ಅದರೊಳಗೆ ಕೂರುತ್ತವೆ. ಕೂರುವಾಗ ಅಂಕೆ ತಪ್ಪಿದರೆ ಪ್ರಕೃತಿಗಳು ಅದಲುಬದಲಾಗುತ್ತವೆ, ಚೌಕಟ್ಟು ಅಲ್ಲಾಡುವುದಿಲ್ಲ.

ಆದರೆ ಆ ಪ್ರತ್ಯಯಗಳು ನೆಟ್ಟ ಹೊತ್ತಿನಲ್ಲಿ ಯಾವ ರೂಪದಲ್ಲಿರುತ್ತವೆ? ಇದಕ್ಕೆ ಉತ್ತರ ಕೊಡುವ ಪ್ರಸಿದ್ಧ ಉದಾಹರಣೆ ಫ್ರಾಮ್ಕಿನ್ ಸಂಗ್ರಹದಲ್ಲಿದೆ. ‘ಎ ಕರೆಂಟ್ ಆರ್ಗ್ಯುಮೆಂಟ್’ ಎನ್ನಬೇಕಾದ ಕಡೆ ‘ಆ್ಯನ್ ಅರೆಂಟ್ ಕರ್ಗ್ಯುಮೆಂಟ್’ ಎಂದು ಬಂದಿತ್ತು. ‘ಕ’ಕಾರ ಮುಂದಿನ ಪದಕ್ಕೆ ಹಾರಿದ್ದರಿಂದ ಮೊದಲ ಪದ ಸ್ವರದಿಂದ ಶುರುವಾಯಿತು, ಸ್ವರದ ಮುಂದೆ ಇಂಗ್ಲಿಷಿನಲ್ಲಿ ‘ಎ’ ಬರುವಂತಿಲ್ಲ, ‘ಆ್ಯನ್’ ಬರಬೇಕು, ಹಾಗೆಯೇ ಬಂತು. ಎಂದರೆ ‘ಇಲ್ಲಿ ಒಂದು ಅನಿಶ್ಚಿತ ಉಪಪದ ಬೇಕು’ ಎಂಬ ತೀರ್ಮಾನ ಮೊದಲೇ ಆಗಿತ್ತು, ಅದರ ಸದ್ದು ಯಾವುದು ಎಂಬ ತೀರ್ಮಾನ ಮಾತ್ರ ತಪ್ಪು ನಡೆದ ನಂತರ ಆಯಿತು. ತಪ್ಪು ಮೊದಲು, ಹೊಂದಾಣಿಕೆ ಆಮೇಲೆ. ಕೆಲಸದ ಹಂತಗಳ ಅನುಕ್ರಮವನ್ನು ಮಿದುಳಿನೊಳಗೆ ಇಣುಕದೆ ಬರಿಯ ಒಂದು ತಪ್ಪಿನಿಂದಲೇ ಓದಿಕೊಳ್ಳಬಹುದಾದ ಅಪೂರ್ವ ಸಂದರ್ಭ ಇದು.

ಇಂಗ್ಲಿಷಿನಲ್ಲಿ ಇಂಥ ಹೊಂದಾಣಿಕೆಗೆ ಸಿಗುವ ಜಾಗಗಳು ಬೆರಳೆಣಿಕೆಯಷ್ಟು. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಷಷ್ಠೀ ವಿಭಕ್ತಿಯೊಂದೇ ‘ಮರದ’, ‘ಮೇಜಿನ’, ‘ಮನೆಯ’ ಎಂದು ಪದದ ಕೊನೆಯ ಸ್ವರಕ್ಕೆ ತಕ್ಕಂತೆ ವೇಷ ಬದಲಿಸುತ್ತದೆ. ಭೂತಕಾಲದ ಗುರುತು ‘ಓದಿ’ಯಲ್ಲಿ ‘ಇ’, ‘ಬರೆದು’ವಿನಲ್ಲಿ ‘ದು’. “ಓದಿ ಬರೆದೆ” ಎನ್ನುವ ಬದಲು ಧಾತುಗಳು ಅದಲುಬದಲಾದರೆ ನಮ್ಮ ಕಿವಿ ನಿರೀಕ್ಷಿಸುವುದು “ಬರೆದು ಓದಿದೆ” ಎಂಬುದನ್ನೇ. ‘ಬರೆಯಿ ಓದ್ದೆ’ ಎಂಬುದು ತಪ್ಪಾಗಿಯೂ ಕನ್ನಡದ ಬಾಯಲ್ಲಿ ಬರುವಂತೆ ತೋರುವುದಿಲ್ಲ. “ಬರೆದು ಓದಿದೆ” ಎಂದೇ ಬಂದರೆ, ‘ಹಿಂದೆ ನಡೆದ ಕ್ರಿಯೆ’ ಎಂಬ ಗುರುತು ಚೌಕಟ್ಟಿನಲ್ಲಿ ಅಮೂರ್ತವಾಗಿ ಮೊದಲೇ ಇತ್ತು, ಯಾವ ಪ್ರತ್ಯಯವಾಗಿ ಹೊರಬೀಳಬೇಕೆಂಬುದನ್ನು ಪಕ್ಕಕ್ಕೆ ಬಂದು ಕುಳಿತ ಧಾತುವನ್ನು ನೋಡಿ ನಿರ್ಧರಿಸಲಾಯಿತು ಎಂದಾಗುತ್ತದೆ.

ಕ್ರಿಯಾಪದ ಕೊನೆಯಲ್ಲಿ ಬಂದು ಕರ್ತೃವಿನ ಲಿಂಗವಚನಗಳನ್ನು ಹೊರುವುದರಿಂದ ಇನ್ನೊಂದು ಪರೀಕ್ಷೆಗೂ ಅವಕಾಶವಿದೆ. “ಅವಳು ಅವನಿಗೆ ಹೇಳಿದಳು” ಎಂಬ ವಾಕ್ಯದಲ್ಲಿ ಸರ್ವನಾಮಗಳು ಅದಲುಬದಲಾದವು ಎನ್ನೋಣ. ಕೊನೆಗೆ “ಅವನು ಅವಳಿಗೆ ಹೇಳಿದನು” ಎಂದು ಬಂದರೆ, ಪಾತ್ರಗಳು ಬದಲಾದದ್ದು ಮೊದಲ ಘಟ್ಟದಲ್ಲಿ, ಕ್ರಿಯಾಪದದ ಹೊಂದಾಣಿಕೆ ಆಮೇಲೆ ಆಯಿತು ಎಂದು ಹೇಳಬಹುದು. “ಅವನು ಅವಳಿಗೆ ಹೇಳಿದಳು” ಎಂದು ಬಂದರೆ, ಹೊಂದಾಣಿಕೆಯ ಲೆಕ್ಕ ಮುಗಿದ ಮೇಲೆ, ಪದಗಳನ್ನು ಸಾಲಿಗಿಡುವಾಗ ಎಡವಟ್ಟಾಯಿತು ಎನ್ನಬೇಕು. ಗ್ಯಾರೆಟ್ ಕೊಡುವ ಇಂಗ್ಲಿಷ್ ಸರ್ವನಾಮದ ಉದಾಹರಣೆ ಮೊದಲ ಬಗೆಯದು: ‘ಹಿ ಅಫೆಂಡ್ಸ್ ಹರ್ ಸೆನ್ಸ್’ ಎಂಬುದು ‘ಶಿ ಅಫೆಂಡ್ಸ್ ಹಿಸ್ ಸೆನ್ಸ್’ ಆಗಿತ್ತು. ವ್ಯಕ್ತಿಗಳು ಬದಲಾದರು, ಆದರೆ ಕರ್ತೃವಿನ ಜಾಗದಲ್ಲಿ ಕರ್ತೃರೂಪವೇ, ಷಷ್ಠಿಯ ಜಾಗದಲ್ಲಿ ಷಷ್ಠೀರೂಪವೇ ಬಂತು. ಕನ್ನಡದ ಪರೀಕ್ಷೆಯಲ್ಲಿ ಒಂದು ತೊಡಕು ಇಲ್ಲದಿಲ್ಲ. ಕ್ರಿಯಾಪದ ತುಸು ತಡವಾಗಿ ಬರುವುದರಿಂದ, ಮಾತುಗಾರರು ತಾವೇ ಆಡಿದ “ಅವನು” ಎಂಬುದನ್ನು ಕೇಳಿಸಿಕೊಂಡು ಅದಕ್ಕೆ ತಕ್ಕಂತೆ ಕ್ರಿಯಾಪದವನ್ನು ತಿರುಗಿಸಿರಲೂಬಹುದು. ಒಂದು ಉದಾಹರಣೆಯಿಂದ ತೀರ್ಪು ಕೊಡಲಾಗದು, ನೂರಾರು ಬೇಕು.

ತಾವೇ ಕೇಳಿಸಿಕೊಳ್ಳುವ ಈ ಮಾತು ನಮ್ಮನ್ನು ಇನ್ನೊಂದು ಪ್ರಶ್ನೆಗೆ ಒಯ್ಯುತ್ತದೆ. ತಪ್ಪುಗಳಲ್ಲಿ ವ್ಯಾಕರಣ ಇಷ್ಟು ಅಚ್ಚುಕಟ್ಟಾಗಿ ಉಳಿಯುವುದು ಕಟ್ಟುವ ಕೆಲಸದ ಗುಣದಿಂದಲೋ, ಅಥವಾ ಕೆಟ್ಟ ಸರಕನ್ನು ಹೊರಗೆ ಬಿಡದ ಕಾವಲುಗಾರನೊಬ್ಬ ಒಳಗಿದ್ದಾನೆಯೋ? ಇದನ್ನು ಪರೀಕ್ಷಿಸಲು ಸಹಜ ಮಾತಿನ ತಪ್ಪುಗಳನ್ನು ಕಾಯುತ್ತ ಕೂತರೆ ಸಾಲದು, ತಪ್ಪುಗಳನ್ನು ಬೇಕಾದಂತೆ ಮಾಡಿಸಬೇಕು. ಸಂಶೋಧಕರಾದ ಬರ್ನಾರ್ಡ್ ಬಾರ್ಸ್, ಮೈಕೆಲ್ ಮಾಟ್ಲಿ, ಡೊನಾಲ್ಡ್ ಮ್ಯಾಕೇ 1975ರಲ್ಲಿ ಅದಕ್ಕೊಂದು ಉಪಾಯ ಪ್ರಕಟಿಸಿದರು. ಪರದೆಯ ಮೇಲೆ ಜೋಡಿ ಪದಗಳು ಒಂದಾದ ಮೇಲೊಂದು ಬಂದು ಹೋಗುತ್ತವೆ, ಓದುವವರು ಮೌನವಾಗಿ ಓದಬೇಕು. ಸೂಚನೆ ಬಂದಾಗ ಮಾತ್ರ ಆಗಷ್ಟೇ ಕಂಡ ಜೋಡಿಯನ್ನು ಗಟ್ಟಿಯಾಗಿ ಹೇಳಬೇಕು. ಕೆಲವು ಜೋಡಿಗಳು ‘ಬ’ಕಾರ ಮೊದಲು, ‘ಡ’ಕಾರ ಆಮೇಲೆ ಎಂಬ ಅಚ್ಚಿನಲ್ಲಿ ಬಂದು ಮನಸ್ಸನ್ನು ಒಂದು ಲಯಕ್ಕೆ ಒಗ್ಗಿಸುತ್ತವೆ, ನಂತರ ತಟ್ಟನೆ ‘ಡಾರ್ನ್ ಬೋರ್’ ಎಂಬ ತಿರುಗುಮುರುಗು ಜೋಡಿ ಬರುತ್ತದೆ. ಎಷ್ಟೋ ಮಂದಿಯ ಬಾಯಿಂದ ‘ಬಾರ್ನ್ ಡೋರ್’ ಎಂದು ಹೊರಬೀಳುತ್ತದೆ.

ಪ್ರಯೋಗದ ಜಾಣತನವಿದ್ದದ್ದು ಹೋಲಿಕೆಯಲ್ಲಿ. ‘ಬಾರ್ನ್’, ‘ಡೋರ್’ ಎರಡೂ ನಿಜವಾದ ಪದಗಳು. ‘ಡಾರ್ಟ್ ಬೋರ್ಡ್’ ಅದಲುಬದಲಾದರೆ ಸಿಗುವ ‘ಬಾರ್ಟ್ ಡೋರ್ಡ್’ ಅರ್ಥವಿಲ್ಲದ ಸದ್ದು. ಎರಡರಲ್ಲೂ ಧ್ವನಿಗಳ ಬದಲಾವಣೆ ಒಂದೇ ಆದರೂ, ತಪ್ಪು ನಿಜವಾದ ಪದಗಳನ್ನು ಹುಟ್ಟಿಸುವಾಗ ಗಣನೀಯವಾಗಿ ಹೆಚ್ಚು ಸಲ ಆಯಿತು. ಕನ್ನಡದಲ್ಲಿ ಇದೇ ಪ್ರಯೋಗ ಮಾಡುವವರು “ಕಲ್ಲು ಹಾಸು” ಎಂಬುದನ್ನೂ “ಕೆಂಪು ಹೂವು” ಎಂಬುದನ್ನೂ ಜೋಡಿಯಾಗಿ ಬಳಸಬಹುದು: ಮೊದಲನೆಯದು ತಪ್ಪಿದರೆ “ಹಲ್ಲು ಕಾಸು” ಎಂಬ ಎರಡು ನಿಜ ಪದಗಳು, ಎರಡನೆಯದು ತಪ್ಪಿದರೆ ನಾವಾಗಲೇ ಕಂಡ ಅರ್ಥಹೀನ “ಹೆಂಪು ಕೂವು”. ಈ ವ್ಯತ್ಯಾಸಕ್ಕೆ ಕಾರಣವೇನು ಎಂಬಲ್ಲಿ ತಜ್ಞರು ಎರಡು ಪಂಗಡ. ಅರ್ಥಹೀನ ಸದ್ದನ್ನು ಒಳಗಿನ ಕಾವಲುಗಾರ ಸುಲಭವಾಗಿ ಹಿಡಿದು ತಡೆಯುತ್ತಾನೆ, ಪದದ ವೇಷದ ತಪ್ಪು ಅವನ ಕಣ್ಣು ತಪ್ಪಿಸುತ್ತದೆ ಎಂಬುದು ಒಂದು ವಿವರಣೆ. ಮನಶ್ಶಾಸ್ತ್ರಜ್ಞ ಗ್ಯಾರಿ ಡೆಲ್ 1986ರಲ್ಲಿ ಬೇರೆ ವಿವರಣೆ ಕೊಟ್ಟ: ಪದಗಳಿಂದ ಧ್ವನಿಗಳಿಗೆ ಹರಿಯುವ ಪ್ರಚೋದನೆ ಧ್ವನಿಗಳಿಂದ ಪದಗಳಿಗೂ ಹಿಂದಕ್ಕೆ ಹರಿಯುತ್ತದೆ, ಹಾಗಾಗಿ ನಿಜ ಪದವಾಗಬಲ್ಲ ಧ್ವನಿಗಳ ಗುಂಪು ತನ್ನಷ್ಟಕ್ಕೇ ಬಲ ಪಡೆಯುತ್ತದೆ. ನನಗೆ ಇವೆರಡೂ ಒಂದನ್ನೊಂದು ಹೊರಗಟ್ಟಬೇಕಾದ ವಿವರಣೆಗಳೆಂದು ಅನಿಸುವುದಿಲ್ಲ.

ಕಾವಲುಗಾರ ಇರುವುದಂತೂ ಖಂಡಿತ. ಮಾಟ್ಲಿ ಮತ್ತು ಜೊತೆಗಾರರು 1982ರಲ್ಲಿ ಅದಲುಬದಲಾದರೆ ಅಶ್ಲೀಲವಾಗುವ ಜೋಡಿಗಳನ್ನು ಇದೇ ಪ್ರಯೋಗದಲ್ಲಿ ಸೇರಿಸಿದರು. ಅಂಥ ತಪ್ಪುಗಳು ಕಡಿಮೆಯಾದವು. ಆದರೆ ಸರಿಯಾಗಿ ಹೇಳಿದವರ ಮನಸ್ಸಿನ ಉದ್ವೇಗವನ್ನು ತೋರಿಸುವ ಚರ್ಮದ ವಿದ್ಯುತ್ ಪ್ರತಿಕ್ರಿಯೆಯೂ ಆ ಜೋಡಿಗಳಲ್ಲಿ ಏರಿತ್ತು. ಹೊರಗೆ ಬಾರದ ಅಶ್ಲೀಲ ಪದ ಒಳಗೆ ರೂಪುಗೊಂಡು ತಡೆಯಲ್ಪಟ್ಟಿತ್ತೆಂದೇ ಇದನ್ನು ಅರ್ಥೈಸಿದರು. ಡಚ್ ಮನೋಭಾಷಾವಿಜ್ಞಾನಿ ವಿಲ್ಲೆಮ್ ಲೆವೆಲ್ಟ್ 1983ರಲ್ಲಿ ಸಹಜ ಮಾತಿನಿಂದಲೇ ಇನ್ನೊಂದು ಸಾಕ್ಷ್ಯ ತಂದ. ಬಣ್ಣದ ಚುಕ್ಕೆಗಳ ಜಾಲವನ್ನು ವಿವರಿಸುವಾಗ ಜನ ತಮ್ಮನ್ನು ತಾವು ತಿದ್ದಿಕೊಂಡ ನೂರಾರು ಸಂದರ್ಭಗಳನ್ನು ಅವನು ಪರಿಶೀಲಿಸಿದ. ತಪ್ಪು ಪದದ ಒಂದೇ ಒಂದು ಧ್ವನಿ ಹೊರಬೀಳುತ್ತಲೇ ನಿಲ್ಲಿಸಿ ಸರಿಪಡಿಸಿಕೊಂಡದ್ದೂ ಅವುಗಳಲ್ಲಿತ್ತು. ಕೇಳಿಸಿಕೊಂಡು, ತಪ್ಪೆಂದು ಅರಿತು, ನಾಲಗೆಯನ್ನು ತಡೆಯಲು ಒಂದು ವ್ಯಂಜನದ ಅವಧಿ ಸಾಲದು. ಆ ತಪ್ಪು ಕಿವಿಗೆ ಬೀಳುವ ಮೊದಲೇ, ಒಳಮಾತಿನಲ್ಲೇ ಸಿಕ್ಕಿಬಿದ್ದಿರಬೇಕು.

ಇಲ್ಲಿಯವರೆಗೆ ಹೇಳಿದ್ದರಲ್ಲಿ ಒಂದು ದುರ್ಬಲ ಕೊಂಡಿಯಿದೆ, ಅದನ್ನು ಮುಚ್ಚಿಡಬಾರದು. ಮೆರಿಂಗರ್, ಫ್ರಾಮ್ಕಿನ್, ಗ್ಯಾರೆಟ್ ಎಲ್ಲರ ಸಂಗ್ರಹಗಳೂ ಕಿವಿಯಿಂದ ಕೇಳಿ ಬರೆದುಕೊಂಡವು, ಮತ್ತು ಕಿವಿ ನಂಬಿಕಸ್ಥ ಸಾಕ್ಷಿಯಲ್ಲ. ಇಡೀ ಪದಗಳು ಅದಲುಬದಲಾದರೆ ಯಾರಿಗಾದರೂ ಗೊತ್ತಾಗುತ್ತದೆ. ಒಂದು ವ್ಯಂಜನ ಚೂರು ಬದಲಾದರೆ ನಮ್ಮ ಕಿವಿ ಅದನ್ನು ಸದ್ದಿಲ್ಲದೆ ತಿದ್ದಿ ಮುಂದೆ ಹೋಗುತ್ತದೆ. ಹಾಗಾಗಿ ಯಾವ ತಪ್ಪು ಹೆಚ್ಚು, ಯಾವುದು ಕಡಿಮೆ ಎಂಬ ಎಣಿಕೆಯಲ್ಲಿ ಮಾತುಗಾರನ ಗುಣವೂ ಕೇಳುಗನ ಗುಣವೂ ಬೆರೆತಿರುತ್ತವೆ ಎಂದು ಮನೋಭಾಷಾವಿಜ್ಞಾನಿ ಆ್ಯನ್ ಕಟ್ಲರ್ 1980ರ ದಶಕದ ಆರಂಭದಲ್ಲೇ ಎಚ್ಚರಿಸಿದ್ದಳು. ನಾಲಗೆಯ ಮೇಲೆ ಸಣ್ಣ ಸಂವೇದಕಗಳನ್ನು ಅಂಟಿಸಿ, ‘ಕಾಪ್ ಟಾಪ್’ ಎಂಬಂಥ ಜೋಡಿಗಳನ್ನು ತಾಳಕ್ಕೆ ತಕ್ಕಂತೆ ಮತ್ತೆ ಮತ್ತೆ ಹೇಳಿಸಿದ ಪ್ರಯೋಗಗಳ ವರದಿ 2007ರಲ್ಲಿ ಬಂದಾಗ ಇದು ಕಣ್ಣಿಗೇ ಕಂಡಿತು. ಎಷ್ಟೋ ಸಲ ‘ಕ’ಕಾರ ‘ಟ’ಕಾರವಾಗಿ ಶುದ್ಧವಾಗಿ ಬದಲಾಗಿರಲಿಲ್ಲ, ನಾಲಗೆಯ ಹಿಂಭಾಗ ‘ಕ’ಕಾರಕ್ಕೆಂದು ಏಳುತ್ತಿದ್ದ ಹೊತ್ತಿನಲ್ಲೇ ತುದಿ ‘ಟ’ಕಾರಕ್ಕೆಂದು ಅರೆಬರೆಯಾಗಿ ಏಳುತ್ತಿತ್ತು. ಕೇಳುವವರಿಗೆ ಅದು ಒಮ್ಮೆ ಸರಿಯಾಗಿಯೇ ಕೇಳಿಸುತ್ತದೆ, ಒಮ್ಮೆ ಪೂರ್ತಿ ತಪ್ಪಾಗಿ ಕೇಳಿಸುತ್ತದೆ. ಧ್ವನಿಗಳು ದಾಳಗಳಂತೆ ಗೂಡಿನಿಂದ ಗೂಡಿಗೆ ಹಾರುತ್ತವೆ ಎಂಬ ಚಿತ್ರ, ಈ ಮಟ್ಟಿಗೆ, ಸರಳೀಕರಣವೇ. ಆದರೆ ‘ಪುಸ್ತಕದ’ ಎಂಬಲ್ಲಿನ ‘ದ’ಕಾರವನ್ನೋ ಸರ್ವನಾಮಗಳ ವಿಭಕ್ತಿಯನ್ನೋ ಈ ಆಕ್ಷೇಪ ಹೆಚ್ಚು ಅಲ್ಲಾಡಿಸುವುದಿಲ್ಲ, ಪದಗಳ ಮಟ್ಟದಲ್ಲಿ ಕಿವಿ ಅಷ್ಟು ಸುಲಭವಾಗಿ ಮೋಸಹೋಗುವುದಿಲ್ಲ.

ಇಷ್ಟನ್ನು ಇಟ್ಟುಕೊಂಡು ವಿಡಿಯೊ ತುಣುಕುಗಳ ಕೆಳಗಿನ ತೀರ್ಪುಗಳಿಗೆ ಹಿಂದಿರುಗಬಹುದು. ಬುದ್ಧಿ ಮಂಕಾದ ಲಕ್ಷಣ ಎಂಬ ತೀರ್ಪಿಗೆ ಬಿಡಿ ತಪ್ಪೊಂದು ಆಧಾರವಾಗಲಾರದು, ಏಕೆಂದರೆ ಆರೋಗ್ಯವಂತರೆಲ್ಲರೂ ತಪ್ಪುತ್ತಾರೆ. ನೋಡಬೇಕಾದದ್ದು ತಪ್ಪು ಯಾವ ದಿಕ್ಕಿಗೆ ವಾಲಿದೆ ಎಂಬುದನ್ನು. ಅಭ್ಯಾಸ ಹೆಚ್ಚಿದಂತೆ ತಪ್ಪುಗಳು ಕಡಿಮೆಯಾಗುತ್ತವೆ, ಜೊತೆಗೆ ಉಳಿದ ತಪ್ಪುಗಳಲ್ಲಿ ಮುಂದಿನದು ಮುಂಚೆ ಬರುವವುಗಳ ಪಾಲು ಏರುತ್ತದೆ ಎಂದು ಡೆಲ್ ಮತ್ತು ಜೊತೆಗಾರರು 1997ರಲ್ಲಿ ತೋರಿಸಿದರು. ಮಿದುಳಿಗೆ ಪೆಟ್ಟಾಗಿ ಮಾತು ಕೆಟ್ಟವರಲ್ಲಾದರೋ, ಆಗಲೇ ಆಡಿದ್ದು ಮತ್ತೆ ನುಸುಳುವ ತಪ್ಪುಗಳ ಪಾಲು ಹೆಚ್ಚಾಗಿ ಕಾಣುತ್ತದೆ. ಮುಂದಿನ ಪದಕ್ಕೆ ಎಡವಿದವರು ಮುಂದಿನದನ್ನು ಸಿದ್ಧಮಾಡಿಕೊಂಡಿದ್ದರು ಎಂದೇ ಅರ್ಥ.

ಅಡಗಿದ ಬಯಕೆಯ ತೀರ್ಪನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ಮಾಟ್ಲಿ ಮತ್ತು ಬಾರ್ಸ್ 1979ರ ಪ್ರಯೋಗದಲ್ಲಿ ಒಂದು ಗುಂಪಿಗೆ ವಿದ್ಯುತ್ ಆಘಾತ ತಗಲಬಹುದೆಂಬ ಭಯ ಹುಟ್ಟಿಸಿದ್ದರು. ಆ ಗುಂಪಿನವರು ‘ಶ್ಯಾಡ್ ಬಾಕ್’ ಎಂಬ ಅರ್ಥಹೀನ ಜೋಡಿಯನ್ನು ‘ಬ್ಯಾಡ್ ಶಾಕ್’ ಎಂದು ಓದುವುದು ಇತರರಿಗಿಂತ ಹೆಚ್ಚಾಗಿತ್ತು. ಮನಸ್ಸನ್ನು ತುಂಬಿಕೊಂಡದ್ದು ತಪ್ಪಿನ ಆಯ್ಕೆಯನ್ನು ವಾಲಿಸಬಲ್ಲದು. ಆದರೆ ಅದು ತಿಳಿದದ್ದು ಗುಂಪುಗಳನ್ನು ಹೋಲಿಸಿ ಎಣಿಸಿದ್ದರಿಂದ, ಒಬ್ಬರ ಒಂದು ಮಾತಿನಿಂದಲ್ಲ. ಭಯವಿಲ್ಲದ ಗುಂಪಿನಲ್ಲೂ ಕೆಲವರು ‘ಬ್ಯಾಡ್ ಶಾಕ್’ ಎಂದಿದ್ದರೆ, ಅವರಲ್ಲೊಬ್ಬರ ಧ್ವನಿಮುದ್ರಣವನ್ನು ಕೇಳಿ ಅವರು ಯಾವ ಗುಂಪಿನವರೆಂದು ಹೇಳಲು ದಾರಿಯಿಲ್ಲ.

ಮೆರಿಂಗರ್ ದಾಖಲಿಸಿ ಫ್ರಾಯ್ಡ್ ಪ್ರಸಿದ್ಧಗೊಳಿಸಿದ ಉದಾಹರಣೆಯೊಂದರಲ್ಲಿ, ಆಸ್ಟ್ರಿಯಾದ ಸಂಸತ್ತಿನ ಕೆಳಮನೆಯ ಅಧ್ಯಕ್ಷ ಕಲಾಪವನ್ನು ಆರಂಭಿಸುತ್ತ, ಇಂತಿಷ್ಟು ಸದಸ್ಯರು ಹಾಜರಿದ್ದಾರೆಂದು ತಿಳಿಸಿ, ಸಭೆ ಮುಕ್ತಾಯವಾಗಿದೆ ಎಂದು ಘೋಷಿಸಿಬಿಟ್ಟ. ಆ ಸಭೆಯಿಂದ ಅವನಿಗೆ ಒಳ್ಳೆಯದೇನೂ ಕಾಣಿಸದೆ ಬೇಗ ಮುಗಿದರೆ ಸಾಕೆನಿಸಿತ್ತು ಎಂದು ಫ್ರಾಯ್ಡ್ ಓದಿದ. ಇರಬಹುದು. ಆದರೆ ‘ಆರಂಭ’, ‘ಮುಕ್ತಾಯ’ಗಳಂಥ ವಿರುದ್ಧಾರ್ಥಕ ಜೋಡಿಗಳು ಪದಗಳು ಒಂದರ ಜಾಗಕ್ಕೆ ಇನ್ನೊಂದು ಬರುವ ತಪ್ಪುಗಳಲ್ಲಿ ಮತ್ತೆ ಮತ್ತೆ ಕಾ​ಣುವಂಥವು, ವ್ಯಾಕರಣದ ವರ್ಗವೂ ಎರಡಕ್ಕೆ ಒಂದೇ, ಅಲ್ಲದೆ ಆ ಅಧ್ಯಕ್ಷ ಒಂದೇ ಪೀಠದಲ್ಲಿ ಕುಳಿತು, ಒಂದೇ ಧಾಟಿಯ ಎರಡು ಘೋಷಣೆಗಳಲ್ಲಿ ಒಂದನ್ನು ಆರಂಭಕ್ಕೆ, ಇನ್ನೊಂದನ್ನು ಕೊನೆಗೆ ಹೇಳಬೇಕಾದವನು. ಬಯಕೆಯಿಲ್ಲದೆಯೂ ಈ ತಪ್ಪು ಇದೇ ರೂಪದಲ್ಲಿ ಆಗುತ್ತದೆ. ತಾನು ಹೇಳಿದ್ದೇನೆಂಬುದು ಅವನ ಗಮನಕ್ಕೆ ಬಂದದ್ದು ಸಭೆಯೆಲ್ಲ ನಕ್ಕಾಗ, ಆಗ ತಿದ್ದಿಕೊಂಡ ಎಂದು ಮೆರಿಂಗರ್ ಬರೆದಿದ್ದಾನೆ. ಅದರಲ್ಲಿ ಆಶ್ಚರ್ಯವೇನಿಲ್ಲ: ಅವನು ಆಡಿದ್ದು ವ್ಯಾಕರಣದಲ್ಲಿ ಒಂದು ಕೂದಲೂ ಕೊಂಕದ, ಆ ಪೀಠದಿಂದ ದಿನವೂ ಕೇಳಿಬರುತ್ತಿದ್ದ ವಾಕ್ಯ, ಒಳಗಿನ ಕಾವಲುಗಾರನಿಗೆ ತಡೆಯಲು ಅದರಲ್ಲಿ ಏನೂ ಸಿಕ್ಕಿರಲಿಲ್ಲ.